ಸಿಸ್ಟಮ್‌ಡಿ ಟೈಮರ್: ಐದು ವರ್ಷದ ಬಳಕೆ, ಬರಿಗೈಯಲ್ಲಿ ಬರುವ ಜಾಬ್‌ಗಳ ಲೆಕ್ಕ

ದಾವಣಗೆರೆಯ ಒಂದು ಔಷಧಿ ಸಗಟು ವ್ಯಾಪಾರದ ಸಂಸ್ಥೆಯಲ್ಲಿ ನಾನು ಸರ್ವರ್ ನೋಡಿಕೊಳ್ಳುತ್ತೇನೆ. 2020ರಲ್ಲಿ ಹಳೆಯ ಕ್ರಾನ್ ಸಾಲುಗಳನ್ನೆಲ್ಲ ಸಿಸ್ಟಮ್‌ಡಿ ಟೈಮರ್‌ಗಳಿಗೆ ಬದಲಾಯಿಸಿದೆ. ಆಗ ಉಬುಂಟು 20.04 ಇತ್ತು, ಈಗ 24.04 ಇದೆ. ಟೈಮರ್ ಬರೆಯುವುದು ಹೇಗೆ ಅಂತ ಹೇಳುವ ಲೇಖನಗಳು ಬೇಕಾದಷ್ಟಿವೆ. ನಾನು ಹೇಳಬೇಕಾಗಿರುವುದು ಬೇರೆ. ಟೈಮರ್ ಸರಿಯಾಗಿ ಓಡುತ್ತದೆ, ಜಾಬ್ ಮಾತ್ರ ದಿನವೂ ಬರಿಗೈಯಲ್ಲಿ ವಾಪಸ್ ಬರುತ್ತದೆ. ಅಂಥ ಜಾಬನ್ನು ನಿಲ್ಲಿಸಬೇಕಾ, ಇನ್ನೊಂದರ ಜೊತೆ ಸೇರಿಸಬೇಕಾ, ಅಥವಾ ಕೆಲಸ ಬಂದಾಗ ಮಾತ್ರ ಎಬ್ಬಿಸಬೇಕಾ? ಇದನ್ನು ತೀರ್ಮಾನ ಮಾಡಲು ಈ ಟೈಮರ್‌ಗಳು ಎಷ್ಟು ಸಹಾಯ ಮಾಡುತ್ತವೆ, ಎಲ್ಲಿ ಕೈ ಕೊಡುತ್ತವೆ ಎನ್ನುವುದೇ ಈ ವಿಮರ್ಶೆ.

ಮೊದಲು ಒಳ್ಳೆಯ ಮಾತು. `systemctl list-timers --all` ಅಂದರೆ ಸಾಕು, ಯಾವ ಜಾಬ್ ಹಿಂದಿನ ಸಲ ಯಾವಾಗ ಓಡಿತು, ಮುಂದೆ ಯಾವಾಗ ಓಡುತ್ತದೆ ಎನ್ನುವುದು ಒಂದೇ ಪಟ್ಟಿಯಲ್ಲಿ ಕಾಣುತ್ತದೆ. ಕ್ರಾನ್‌ನಲ್ಲಿ ಈ ಸುಖ ಇರಲಿಲ್ಲ. ಆದರೆ ಆ ಪಟ್ಟಿಯಲ್ಲಿ ಒಂದು ದೊಡ್ಡ ಕೊರತೆ ಇದೆ. ಜಾಬ್ ಓಡಿತು ಅಂತ ಅದು ಹೇಳುತ್ತದೆ, ಓಡಿ ಏನು ಮಾಡಿತು ಅಂತ ಹೇಳುವುದಿಲ್ಲ. ಬರಿಗೈಯಲ್ಲಿ ಬಂದರೂ ಯಶಸ್ವಿ, ನೂರು ಬಿಲ್ ಜಮಾ ಮಾಡಿ ಬಂದರೂ ಯಶಸ್ವಿ.

ಈ ಕೊರತೆಯ ಬೆಲೆ ನನಗೆ ಗೊತ್ತಾಗಿದ್ದು ಬ್ಯಾಂಕ್ ಫೈಲ್ ವಿಷಯದಲ್ಲಿ. ಮೆಡಿಕಲ್ ಶಾಪ್‌ನವರು ನಮ್ಮ ಖಾತೆಗೆ ಹಣ ಹಾಕುತ್ತಾರೆ. ಬ್ಯಾಂಕಿನವರು ಅದರ ವಿವರವನ್ನು ದಿನಕ್ಕೆ ಎರಡು ಸಲ ಒಂದು ಫೈಲ್ ಮಾಡಿ ನಮ್ಮ ಸರ್ವರ್‌ಗೆ ಕಳಿಸುತ್ತಾರೆ. ಅದನ್ನು ಲೆಡ್ಜರ್‌ಗೆ ಏರಿಸುವ ಜಾಬ್ ಐದು ನಿಮಿಷಕ್ಕೊಮ್ಮೆ ಓಡುತ್ತಿತ್ತು. ದಿನಕ್ಕೆ 288 ಸಲ. ಅದರಲ್ಲಿ 286 ಸಲ ಏನೂ ಸಿಗುತ್ತಿರಲಿಲ್ಲ. ಹಾಗಾಗಿ ಲಾಗ್‌ನಲ್ಲಿ 'ಫೈಲ್ ಇಲ್ಲ' ಅಂತ ಕಂಡರೆ ಯಾರಿಗೂ ಏನೂ ಅನಿಸುತ್ತಿರಲಿಲ್ಲ.

ಒಂದು ದಿನ ಅಕೌಂಟ್ಸ್ ಮೇಡಂ ಕರೆದು, "ಸರ್, ಹನ್ನೊಂದು ದಿನದಿಂದ ಕಲೆಕ್ಷನ್ ಎಲ್ಲಾ ನಾವೇ ಕೈಯಿಂದ ಎಂಟ್ರಿ ಮಾಡ್ತಾ ಇದ್ದೀವಿ, ನಿಮಗೆ ಗೊತ್ತಿದೆ ಅಲ್ವಾ?" ಅಂದರು. ನನಗೆ ಗೊತ್ತಿರಲಿಲ್ಲ. ಬ್ಯಾಂಕಿನ ಕಡೆಯವರು ಫೈಲ್ ಹಾಕುವ ಫೋಲ್ಡರ್ ಬದಲಾಯಿಸಿದ್ದರು. ನಮ್ಮ ಜಾಬ್ ಹಳೆಯ ಫೋಲ್ಡರ್‌ನಲ್ಲಿ ಹುಡುಕಿ, ಏನೂ ಇಲ್ಲ ಅಂತ ಸಮಾಧಾನದಿಂದ ಮುಗಿಯುತ್ತಿತ್ತು. ಹನ್ನೊಂದು ದಿನವೂ ಅದರ ಸ್ಥಿತಿ ಯಶಸ್ವಿ ಅಂತಲೇ ಇತ್ತು.

ಅವತ್ತಿನಿಂದ ನಾನು ಖಾಲಿ ಅನ್ನುವ ಮಾತನ್ನು ಮೂರಾಗಿ ಬಿಡಿಸಿ ನೋಡುತ್ತೇನೆ. ಸರಿಯಾದ ಜಾಗ ನೋಡಿತು, ಕೆಲಸ ಇರಲಿಲ್ಲ. ಇದು ಒಂದು. ನೋಡಬೇಕಾದ ಜಾಗವೇ ಅದಕ್ಕೆ ಕಾಣಲಿಲ್ಲ. ಇದು ಎರಡು. ಕೆಲಸ ಹುಟ್ಟುವ ಮೂಲವೇ ಮುಚ್ಚಿಹೋಗಿದೆ, ಇನ್ನು ಬರುವುದೇ ಇಲ್ಲ. ಇದು ಮೂರು. ಲಾಗ್‌ನಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಇವನ್ನು ಬೇರೆ ಮಾಡದೆ ಯಾವ ಜಾಬನ್ನೂ ಮುಟ್ಟಬಾರದು.

ಬೇರೆ ಮಾಡುವುದು ಕಷ್ಟವಲ್ಲ. ಪ್ರತಿ ಜಾಬ್ ಮುಗಿಯುವಾಗ ಒಂದು ಸಾಲು ಬರೆಯುವಂತೆ ಮಾಡಿದೆ.

```
2024-06-13 09:05 bank-post seen=0 newest=41h
```

ಎಷ್ಟು ಸಿಕ್ಕಿತು, ಕೊನೆಯದಾಗಿ ಸಿಕ್ಕಿ ಎಷ್ಟು ಗಂಟೆ ಆಯಿತು, ಇಷ್ಟೇ. ದಿನಕ್ಕೆ ಎರಡು ಫೈಲ್ ಬರಬೇಕಾದ ಕಡೆ 41 ಗಂಟೆ ಅಂದರೆ ಏನೋ ಕೆಟ್ಟಿದೆ ಅಂತ ಅರ್ಥ. ಫೋಲ್ಡರ್ ಇಲ್ಲದಿದ್ದರೆ ಅಥವಾ ಓದಲು ಅನುಮತಿ ಇಲ್ಲದಿದ್ದರೆ ಜಾಬ್ ಸುಮ್ನೆ ಮುಗಿಯದೆ ಫೇಲ್ ಆಗಬೇಕು. ಈ ಸಾಲನ್ನು ಸಿಸ್ಟಮ್‌ಡಿಯ ಜರ್ನಲ್‌ಗೆ ಬಿಡದೆ ಪ್ರತ್ಯೇಕ ಫೈಲಿಗೆ ಬರೆಯಿರಿ. ಜರ್ನಲ್ ತನ್ನ ಪಾಲಿನ ಜಾಗ ತುಂಬಿದಾಗ ಹಳೆಯದನ್ನು ಅಳಿಸುತ್ತದೆ. ನಮ್ಮಲ್ಲಿ ಎರಡು ತಿಂಗಳಿಗಿಂತ ಹಿಂದಿನದು ಉಳಿಯುತ್ತಲೇ ಇರಲಿಲ್ಲ. ಮಾರ್ಚ್ ಕೊನೆಯಲ್ಲಿ ಮಾತ್ರ ಕೆಲಸ ಸಿಗುವ ಜಾಬನ್ನು ಎರಡು ತಿಂಗಳ ಲಾಗ್ ನೋಡಿ ತೀರ್ಮಾನಿಸಲು ಆಗುತ್ತದೆಯೇ? ಕನಿಷ್ಠ ಹದಿಮೂರು ತಿಂಗಳ ದಾಖಲೆ ಬೇಕು.

ಬ್ಯಾಂಕ್ ಜಾಬನ್ನು ಕೊನೆಗೆ ಫೈಲ್ ಬಂದಾಗ ಮಾತ್ರ ಏಳುವಂತೆ ಬದಲಾಯಿಸಿದೆ. ಕಾರಣ 286 ಖಾಲಿ ಓಟವಲ್ಲ. ಒಂದು ಖಾಲಿ ಓಟಕ್ಕೆ ಸರ್ವರ್‌ಗೆ ಆಗುವ ಖರ್ಚು ಏನೂ ಅಲ್ಲ ಅನ್ನುವಷ್ಟು ಕಡಿಮೆ. ಹಣ ಜಮಾ ಆದದ್ದು ಕಂಡ ಮೇಲೆಯೇ ಗೋಡೌನ್‌ನಿಂದ ಲೋಡ್ ಬಿಡುತ್ತಾರೆ, ಗಾಡಿ ಕಾಯುತ್ತಿರುತ್ತದೆ, ಅದು ನಿಜವಾದ ಕಾರಣ. ತಡವಾದರೆ ಯಾರಿಗೂ ನಷ್ಟ ಇಲ್ಲದ ಜಾಬ್ ಆಗಿದ್ದರೆ ಐದು ನಿಮಿಷವನ್ನು ಒಂದು ಗಂಟೆ ಮಾಡಿ ಬಿಟ್ಟುಬಿಡುತ್ತಿದ್ದೆ.

ಸಿಸ್ಟಮ್‌ಡಿಯಲ್ಲಿ ಇದಕ್ಕೆ ಪಾತ್ ಯೂನಿಟ್ ಇದೆ. ಟೈಮರ್ ತೆಗೆದು ಇದನ್ನು ಹಾಕಿದರೆ ಆಯಿತು, ಹಳೆಯ ಸರ್ವಿಸ್ ಫೈಲ್ ಹಾಗೇ ಇರುತ್ತದೆ.

```
[Path]
PathExistsGlob=/srv/bank/in/*.csv
Unit=bank-post.service

[Install]
WantedBy=multi-user.target
```

ಇಲ್ಲಿ `PathChanged` ಬದಲು `PathExistsGlob` ಆರಿಸಿಕೊಂಡೆ. ಸರ್ವರ್ ರೀಬೂಟ್ ಆಗುವಾಗ ಅಥವಾ ಪಾತ್ ಯೂನಿಟ್ ನಿಂತಿರುವಾಗ ಫೈಲ್ ಬಂದು ಬಿದ್ದಿದ್ದರೆ, ಯೂನಿಟ್ ಎದ್ದ ಕೂಡಲೇ `PathExistsGlob` ಅದನ್ನು ಹಿಡಿಯುತ್ತದೆ. `PathChanged` ಹಿಡಿಯುವುದಿಲ್ಲ. ಅದು ತಾನು ಎಚ್ಚರವಾಗಿರುವಾಗ ಆದ ಬದಲಾವಣೆಯನ್ನು ಮಾತ್ರ ನೋಡುತ್ತದೆ. ಇನ್ನೊಂದು ಅಪಾಯ ಅರ್ಧ ಬಂದ ಫೈಲ್. ಹೆಸರು ಕಂಡ ಕೂಡಲೇ ಜಾಬ್ ಏಳುತ್ತದೆ, ಫೈಲ್ ಇನ್ನೂ ಇಳಿಯುತ್ತಿರಬಹುದು. ಹಾಗಾಗಿ ಬ್ಯಾಂಕಿನವರಿಗೆ ಹೇಳಿ, ಮೊದಲು `.part` ಹೆಸರಲ್ಲಿ ಕಳಿಸಿ, ಪೂರ್ತಿ ಆದ ಮೇಲೆ `.csv` ಅಂತ ಹೆಸರು ಬದಲಿಸುವಂತೆ ಮಾಡಿಸಿದೆವು.

ಇಷ್ಟಾದರೂ ಎರಡನೇ ವಾರದಲ್ಲೇ ಪೆಟ್ಟು ಬಿತ್ತು. ಒಂದು ಫೈಲ್‌ನಲ್ಲಿ ಕಾಲಮ್ ತಪ್ಪಾಗಿತ್ತು. ಜಾಬ್ ಫೇಲ್ ಆಯಿತು, ಫೈಲ್ ಅಲ್ಲೇ ಉಳಿಯಿತು. ಸರ್ವಿಸ್ ಮುಗಿದ ತಕ್ಷಣ ಪಾತ್ ಯೂನಿಟ್ ಮತ್ತೆ ನೋಡುತ್ತದೆ. ಫೈಲ್ ಇದೆ, ಹಾಗಾಗಿ ಮತ್ತೆ ಎಬ್ಬಿಸುತ್ತದೆ. ಮತ್ತೆ ಫೇಲ್. ಹತ್ತು ಸೆಕೆಂಡಿನೊಳಗೆ ಐದು ಸಲ ಹೀಗಾದರೆ ಸಿಸ್ಟಮ್‌ಡಿ ಆ ಸರ್ವಿಸನ್ನು ತಡೆಯುತ್ತದೆ, ಅದು ಅದರ ಮಾಮೂಲಿ ಮಿತಿ. ಆಗ ಪಾತ್ ಯೂನಿಟ್ ಕೂಡ `unit-start-limit-hit` ಅಂತ ಹೇಳಿ ಮಲಗಿಬಿಡುತ್ತದೆ. ಮುಂದೆ ಒಳ್ಳೆಯ ಫೈಲ್ ಬಂದರೂ ಏಳುವುದಿಲ್ಲ. ಹಳೆಯ ಟೈಮರ್ ಇದ್ದಿದ್ದರೆ ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನ ಮಾಡುತ್ತಿತ್ತು. ಬದಲಾವಣೆಯಲ್ಲಿ ನಾವು ಕಳೆದುಕೊಂಡದ್ದು ಈ ತಾನಾಗಿ ಚೇತರಿಸಿಕೊಳ್ಳುವ ಗುಣ.

ಅದಕ್ಕೆ ಎರಡು ಕೆಲಸ ಮಾಡಿದೆ. ಜಾಬ್ ಮೊದಲ ಹೆಜ್ಜೆಯಲ್ಲೇ ಫೈಲನ್ನು `work` ಫೋಲ್ಡರ್‌ಗೆ ಸರಿಸುತ್ತದೆ, ಕೆಟ್ಟಿದ್ದರೆ `failed`ಗೆ ಹಾಕಿ ಮೇಲ್ ಕಳಿಸುತ್ತದೆ. ಮತ್ತೆ ರಾತ್ರಿ 9 ಗಂಟೆಗೆ ಒಂದು ಟೈಮರ್ ಇಟ್ಟಿದ್ದೇನೆ. ಇವತ್ತು ಎರಡು ಫೈಲ್ ಬಂದವಾ, ಪಾತ್ ಯೂನಿಟ್ ಎಚ್ಚರವಾಗಿದೆಯಾ ಅಂತ ಅದು ನೋಡುತ್ತದೆ. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ, ಬ್ಯಾಂಕ್ ರಜೆಯ ಪಟ್ಟಿ ಅದಕ್ಕೆ ಕೊಟ್ಟಿದ್ದೇನೆ. ಇಲ್ಲದಿದ್ದರೆ ಸುಳ್ಳು ಎಚ್ಚರಿಕೆ ಬಂದು ಬಂದು ಜನ ಮೇಲ್ ಓದುವುದನ್ನೇ ಬಿಡುತ್ತಾರೆ. 288 ಓಟದ ಜಾಗದಲ್ಲಿ ಈಗ ಎರಡು ನಿಜವಾದ ಓಟ, ಒಂದು ಕಾವಲು.

ಪಾತ್ ಯೂನಿಟ್‌ಗೆ ಒಂದು ಮಿತಿ ಇದೆ. ಬೇರೆ ಯಂತ್ರದಿಂದ ಎನ್‌ಎಫ್‌ಎಸ್ ಹಂಚಿಕೆಯ ಫೋಲ್ಡರ್‌ಗೆ ಬಿದ್ದ ಫೈಲ್ ಅದಕ್ಕೆ ಗೊತ್ತಾಗುವುದಿಲ್ಲ. ಕರ್ನಲ್‌ನ ಐನೋಟಿಫೈ ತನ್ನ ಯಂತ್ರದಲ್ಲಿ ಆದದ್ದನ್ನು ಮಾತ್ರ ಹೇಳುತ್ತದೆ. ಗೋಡೌನ್‌ನಿಂದ ಬರುವ ಡೆಲಿವರಿ ಚಲನ್ ಫೋಟೋಗಳ ಜಾಬ್ ಈ ಕಾರಣಕ್ಕೇ ಇವತ್ತಿಗೂ ಟೈಮರ್‌ನಲ್ಲಿದೆ.

ನಿಲ್ಲಿಸಿದ ಜಾಬ್ ಅಂದರೆ ಇ-ಸುಗಮದ್ದು. ವ್ಯಾಟ್ ಕಾಲದಲ್ಲಿ ಸರಕು ಸಾಗಿಸುವ ಮೊದಲು ವಾಣಿಜ್ಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ವಿವರ ತುಂಬಿ ಇ-ಸುಗಮ ನಂಬರ್ ಪಡೆಯಬೇಕಿತ್ತು. ಆ ನಂಬರ್‌ಗಳನ್ನು ಬಿಲ್‌ಗಳ ಜೊತೆ ಹೊಂದಿಸುವ ಜಾಬ್ ರಾತ್ರಿ ಓಡುತ್ತಿತ್ತು. 2018ರ ಏಪ್ರಿಲ್ 1ರಿಂದ ಅದರ ಜಾಗದಲ್ಲಿ ಇ-ವೇ ಬಿಲ್ ಕಡ್ಡಾಯವಾಯಿತು. ನಾನು 2020ರಲ್ಲಿ ಕ್ರಾನ್ ಸಾಲುಗಳನ್ನು ಒಂದೊಂದಾಗಿ ಬದಲಾಯಿಸುವಾಗ ಇದನ್ನೂ ಬದಲಾಯಿಸಿದ್ದೆ, ಖಾಲಿ ಓಡುತ್ತಿದೆ ಅಂತ ನೋಡಿರಲಿಲ್ಲ. ನಿಲ್ಲಿಸುವ ಮೊದಲು ಡೇಟಾಬೇಸ್‌ನಲ್ಲಿ ಆ ಕಾಲಮ್ ಕೊನೆಗೆ ತುಂಬಿದ್ದು ಯಾವಾಗ ಅಂತ ನೋಡಿದೆ. 2018ರ ಮಾರ್ಚ್. ಬಿಲ್ಲಿಂಗ್ ಪರದೆಯಲ್ಲಿ ಆ ಜಾಗವೇ ತೆಗೆದುಹಾಕಿದ್ದರು. ಒಂದು ಪರೀಕ್ಷೆಯ ಸಾಲು ಸೇರಿಸಿ ಓಡಿಸಿದಾಗ ಜಾಬ್ ಅದನ್ನು ಹಿಡಿಯಿತು. ಅಂದರೆ ಕಣ್ಣು ಸರಿ ಇದೆ, ಮೂಲವೇ ಇಲ್ಲ. ಆಮೇಲೆ `systemctl disable --now` ಮಾಡಿದೆ, ಫೈಲ್ ಅಳಿಸಲಿಲ್ಲ. ಒಂದು ಲೆಕ್ಕಪತ್ರದ ವರ್ಷ ಮುಗಿಯುವವರೆಗೆ ಹಾಗೇ ಇಟ್ಟು ಆಮೇಲೆ ತೆಗೆದೆ. ಹೀಗೆ ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡುವಾಗ ಎಚ್ಚರ. `Persistent=true` ಇದ್ದರೆ, ತಪ್ಪಿಹೋದ ಓಟದ ಲೆಕ್ಕದಲ್ಲಿ ಟೈಮರ್ ಆ ಕ್ಷಣವೇ ಜಾಬನ್ನು ಓಡಿಸುತ್ತದೆ.

ಸೇರಿಸಿದ್ದು ಮೂರು ಜಾಬ್: ಅವಧಿ ಮುಗಿಯಲಿರುವ ಬ್ಯಾಚ್‌ಗಳ ಪಟ್ಟಿ, ಸಾಲದ ಮಿತಿ ದಾಟಿದ ಅಂಗಡಿಗಳ ಪಟ್ಟಿ, ಸ್ಟಾಕ್ ಮೈನಸ್ ಆದ ಬ್ಯಾಚ್‌ಗಳ ಪಟ್ಟಿ. ಮೂರೂ ಬೆಳಗ್ಗೆ ಆರರ ಸುಮಾರಿಗೆ ಒಂದೇ ಡೇಟಾಬೇಸ್ ನೋಡುತ್ತಿದ್ದವು, ಒಬ್ಬರೇ ಮ್ಯಾನೇಜರ್‌ಗೆ ಮೇಲ್ ಕಳಿಸುತ್ತಿದ್ದವು, ಎರಡು ಹೆಚ್ಚಾಗಿ ಖಾಲಿ. ಒಂದೇ `Type=oneshot` ಸರ್ವಿಸ್‌ನಲ್ಲಿ ಮೂರು `ExecStart` ಬರೆದೆ. ಮೊದಲನೆಯದು ಫೇಲ್ ಆದರೆ ಉಳಿದೆರಡು ಓಡುವುದೇ ಇಲ್ಲ ಅಂತ ಆಮೇಲೆ ಕಂಡಿತು. ಮುಂದೆ `-` ಗುರುತು ಹಾಕಿದರೆ ಓಡುತ್ತವೆ, ಆದರೆ ಫೇಲ್ ಆದದ್ದು ಮರೆಯಾಗುತ್ತದೆ. ಕೊನೆಗೆ ಮೂರನ್ನೂ ಓಡಿಸಿ, ಯಾವುದೊಂದು ತಪ್ಪಿದರೂ ಕೊನೆಯಲ್ಲಿ ಫೇಲ್ ಅಂತ ಹೇಳುವ ಒಂದು ಸ್ಕ್ರಿಪ್ಟ್ ಬರೆದೆ.

ಕೋಲ್ಡ್ ರೂಮಿನ ಜಾಬನ್ನು ಮಾತ್ರ ಇವುಗಳ ಜೊತೆ ಸೇರಿಸಲಿಲ್ಲ. ಇನ್ಸುಲಿನ್, ಲಸಿಕೆ ಇಡುವ ಕೋಣೆ 2ರಿಂದ 8 ಡಿಗ್ರಿ ಒಳಗೆ ಇರಬೇಕು. ಹತ್ತು ನಿಮಿಷಕ್ಕೊಮ್ಮೆ ಆ ಜಾಬ್ ಮಿತಿ ದಾಟಿದ ರೀಡಿಂಗ್ ಹುಡುಕುತ್ತದೆ, ತಿಂಗಳುಗಟ್ಟಲೆ ಏನೂ ಸಿಗುವುದಿಲ್ಲ. "ಸೆನ್ಸರ್ರೇ ಅಲಾರಂ ಕಳಿಸುತ್ತಲ್ಲ, ಇದು ಯಾಕೆ ಬೇಕು ಸರ್?" ಅಂತ ನಮ್ಮ ಹುಡುಗ ಕೇಳಿದ. ಸೆನ್ಸರ್ ಸತ್ತರೆ ಅಲಾರಂ ಬರುವುದಿಲ್ಲ. ಕಳೆದ ಹತ್ತು ನಿಮಿಷದಲ್ಲಿ ರೀಡಿಂಗ್ ಬರಲೇ ಇಲ್ಲ ಅನ್ನುವುದನ್ನು ಯಾವ ಘಟನೆಯೂ ಬಂದು ಹೇಳುವುದಿಲ್ಲ, ಗಡಿಯಾರ ನೋಡಿಕೊಂಡು ಏಳುವ ಜಾಬೇ ಹೇಳಬೇಕು. ಆ ಮಾತಾದ ಮೇಲೆ ಅದರ ಸಾಲಿನ `newest`ನಲ್ಲಿ, ಮಿತಿ ದಾಟಿರಲಿ ಬಿಡಲಿ, ಕೊನೆಯ ರೀಡಿಂಗ್ ಬಂದು ಎಷ್ಟು ಹೊತ್ತಾಯಿತು ಅಂತ ಬರೆಸಿದೆವು. ಹದಿನೈದು ನಿಮಿಷ ದಾಟಿದರೆ ಗೋಡೌನ್ ಕಾವಲುಗಾರರ ಫೋನಿಗೆ ಕರೆ ಹೋಗುತ್ತದೆ.