‘ದಿನಕ್ಕೆ 12 ಚದರ ಮೀಟರ್’ ಎಂಬ ಒಂದೇ ಅಂಕಿಯ ಮೇಲೆ ಸಾರಣೆ ಕೆಲಸವನ್ನು ದಿನಗೂಲಿಗೆ ಒಪ್ಪಿಸಬೇಡಿ

ಮನೆಯ ಒಳಗೋಡೆಗಳ ಸಾರಣೆಯನ್ನು, ಅಂದರೆ ಪ್ಲಾಸ್ಟರಿಂಗ್ ಕೆಲಸವನ್ನು, ದಿನಗೂಲಿಯ ಲೆಕ್ಕದಲ್ಲಿ ಕೊಡಲು ಹೊರಟವರು ಮೊದಲು ಕೇಳುವ ಪ್ರಶ್ನೆ ಎಷ್ಟು ಆಳು, ಎಷ್ಟು ದಿನ ಎಂಬುದೇ. ನಮಗೆ ಕೆಲಸ ಮಾಡಿಕೊಟ್ಟ ಗುತ್ತಿಗೆದಾರರು ಈ ಪ್ರಶ್ನೆಗೆ ಕ್ಷಣವೂ ತಡವರಿಸದೆ ಉತ್ತರ ಕೊಟ್ಟಿದ್ದರು: ಒಟ್ಟು ವಿಸ್ತೀರ್ಣ 300 ಚದರ ಮೀಟರ್, ಒಬ್ಬ ಗಾರೆಯವ ದಿನಕ್ಕೆ 12 ಚದರ ಮೀಟರ್ ಮುಗಿಸುತ್ತಾನೆ, ಹಾಗಾಗಿ 25 ಗಾರೆಯಾಳು-ದಿನ, ಜೊತೆಗೆ ಅಷ್ಟೇ ಸಹಾಯಕರ ದಿನ. ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಕೆಲಸ ಮುಗಿದಾಗ ಹಾಜರಿ ಪುಸ್ತಕದಲ್ಲಿ ಗಾರೆಯವರ ದಿನಗಳೇ 40 ದಾಟಿದ್ದವು. ಪ್ರತಿ ಆಳಿನ ಮೇಲೂ ಗುತ್ತಿಗೆದಾರರಿಗೆ ದಿನದ ಕಮಿಷನ್ ಇದ್ದುದರಿಂದ ದಿನ ಹೆಚ್ಚಾದಂತೆಲ್ಲ ಅವರಿಗೆ ಲಾಭ, ನಮಗೆ ನಷ್ಟ. ಇಂಥ ಒಪ್ಪಂದಕ್ಕೆ ಕೈಹಾಕುವವರು ಆ ಅಂಕಿ ಎಲ್ಲೆಲ್ಲಿ ಟೊಳ್ಳಾಗಿತ್ತು ಎಂಬುದನ್ನು ತಿಳಿದುಕೊಂಡಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಪೊಳ್ಳು ಸಹಾಯಕರ ಸಂಖ್ಯೆಯಲ್ಲಿತ್ತು. ದಿನಕ್ಕೆ 12 ಚದರ ಮೀಟರ್, ಅಂದರೆ ಸುಮಾರು 130 ಚದರ ಅಡಿ, ಎಂಬುದು ಆಗದ ಮಾತೇನೂ ಅಲ್ಲ. ಉದ್ದನೆಯ, ಅಡೆತಡೆಯಿಲ್ಲದ ಗೋಡೆಯ ಮೇಲೆ 12 ಮಿಲಿಮೀಟರ್ ದಪ್ಪದ ಸಾರಣೆಯನ್ನು ಒಳ್ಳೆಯ ಗಾರೆಯವರು ಅಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ, ಮುಗಿಸುತ್ತಾರೆ. ಆದರೆ ಆ ವೇಗ ಬರುವುದು ಗಾರೆಯವನ ಕರಣೆ ಒಂದು ಗಳಿಗೆಯೂ ಖಾಲಿ ಕೂರದಂತೆ ಹಿಂದೆ ಇಬ್ಬರು ಆಳುಗಳು ದುಡಿಯುವಾಗ. ಹನ್ನೆರಡು ಚದರ ಮೀಟರ್‌ಗೆ 12 ಮಿಲಿಮೀಟರ್ ದಪ್ಪವೆಂದರೆ 0.144 ಘನ ಮೀಟರ್ ಗಾರೆ. ಇಟ್ಟಿಗೆಯ ಸಂದು ತುಂಬಲು, ತಗ್ಗು ಸರಿಮಾಡಲು, ಕೆಳಗೆ ಬಿದ್ದು ಹಾಳಾಗುವುದಕ್ಕೆ ಕಾಲು ಭಾಗ ಸೇರಿಸಿದರೆ 0.18 ಘನ ಮೀಟರ್ ಆಗುತ್ತದೆ, ತೂಕದಲ್ಲಿ 380 ಕಿಲೋಗ್ರಾಂ ಹತ್ತಿರ. ಇಷ್ಟಕ್ಕೆ ಬೇಕಾದ ಮರಳನ್ನು ಜರಡಿ ಹಿಡಿದು, ಸಿಮೆಂಟಿನೊಂದಿಗೆ ಒಣದಾಗಿ ಬೆರೆಸಿ, ನೀರು ಹಾಕಿ ಕಲಸಿ, ಬಾಂಡ್ಲಿಯಲ್ಲಿ ಹೊತ್ತು ಸಾರುವೆಯ ಮೇಲೆ ಎತ್ತಿಕೊಡುವುದಲ್ಲದೆ, ಮಧ್ಯೆ ಮಧ್ಯೆ ಸಾರುವೆಯನ್ನೇ ಬಿಚ್ಚಿ ಇನ್ನೊಂದು ಗೋಡೆಗೆ ಕಟ್ಟುವುದೂ ಸಹಾಯಕನ ಪಾಲಿನದೇ. ಒಬ್ಬನೇ ಇದ್ದಾಗ ಗಾರೆಯವ ಕಾಯುತ್ತಾನೆ. ನಮ್ಮಲ್ಲಿ ಒಬ್ಬರಿಗೊಬ್ಬ ಎಂಬ ಜೋಡಿಯಲ್ಲಿ ಸಾದಾ ಗೋಡೆಯ ಮೇಲೆ ಬಂದದ್ದು ದಿನಕ್ಕೆ 8 ಚದರ ಮೀಟರ್ ಆಸುಪಾಸು ಮಾತ್ರ. ಅಂದರೆ ಇಬ್ಬರು ಸಹಾಯಕರಿದ್ದಾಗಿನ ಪ್ರಮಾಣವನ್ನು ಹೇಳಿ, ಲೆಕ್ಕಕ್ಕೆ ಒಬ್ಬನೇ ಸಹಾಯಕನನ್ನು ಬರೆದಿದ್ದರು.

ಇದರ ಜೊತೆಗೆ ಯಾರೂ ಮೊದಲು ಹೇಳದ ಒಂದು ಸಂಗತಿ ಇದೆ. ಸಾರಣೆ ಮಾಡಿದ ಗೋಡೆಗೆ ಕನಿಷ್ಠ ಒಂದು ವಾರ ನೀರುಣಿಸಬೇಕು. ಕೆಲಸದ ಮೊದಲ ದಿನಗಳಲ್ಲಿ ನೀರುಣಿಸಲು ಗೋಡೆಯೇ ಇರುವುದಿಲ್ಲ. ವಾರ ಕಳೆಯುವಷ್ಟರಲ್ಲಿ ನೂರೈವತ್ತು ಚದರ ಮೀಟರ್‌ಗೂ ಹೆಚ್ಚು ಗೋಡೆ ನೀರು ಕೇಳುತ್ತಿರುತ್ತದೆ. ಸಹಾಯಕ ಬೆಳಗ್ಗೆ ಪೈಪು ಹಿಡಿದು ಕೋಣೆಯಿಂದ ಕೋಣೆಗೆ ಹೋಗುವ ಹೊತ್ತಿನಲ್ಲಿ ಗಾರೆ ಕಲಸುವವರು ಇಲ್ಲ. ಆದ್ದರಿಂದಲೇ ಆರಂಭದಲ್ಲಿ ಚುರುಕಾಗಿ ಕಂಡ ಕೆಲಸ ಎರಡನೇ ವಾರದಲ್ಲಿ ನಿಧಾನವಾಗುತ್ತದೆ, ಗುತ್ತಿಗೆದಾರರು ಆಳುಗಳು ಸೋಮಾರಿಗಳೆಂದು ದೂರುತ್ತಾರೆ. ಆಳುಗಳಲ್ಲಿ ಸೋಮಾರಿತನವೇನೂ ಇರಲಿಲ್ಲ. ಅವರ ಸಮಯ ಲೆಕ್ಕದಲ್ಲೇ ಇರದ ಕೆಲಸಕ್ಕೆ ಹೋಗುತ್ತಿತ್ತು.

ಎರಡನೆಯ ಪೊಳ್ಳು 300 ಎಂಬ ಅಂಕಿಯಲ್ಲೇ ಇತ್ತು. ಅದರಲ್ಲಿ ಗೋಡೆ 233, ತಾರಸಿಯ ಅಡಿಭಾಗ, ಅಂದರೆ ಸೀಲಿಂಗ್, 67 ಚದರ ಮೀಟರ್. ಎರಡನ್ನೂ ಒಂದೇ ಅಂಕಿಯಿಂದ ಭಾಗಿಸಿದ್ದರು. ತಲೆಯ ಮೇಲೆ ಕೈಯೆತ್ತಿ ಮಾಡುವ ಸಾರಣೆ ತೆಳುವಾಗಿದ್ದರೂ, ಸಾಮಾನ್ಯವಾಗಿ 6 ಮಿಲಿಮೀಟರ್, ಗೋಡೆಯ ವೇಗದಲ್ಲಿ ಅದು ಸಾಗುವುದಿಲ್ಲ. ಕಾಂಕ್ರೀಟಿನ ನುಣುಪು ಮೈಗೆ ಮೊದಲು ಕಚ್ಚು ಹಾಕಬೇಕು, ಕೋಣೆಯ ತುಂಬ ಸಾರುವೆ ಹಾಸಬೇಕು, ಎಸೆದ ಗಾರೆಯಲ್ಲಿ ಒಂದಷ್ಟು ಕೆಳಗೇ ಬರುತ್ತದೆ. ಒಬ್ಬ ಸಹಾಯಕನಿದ್ದಾಗ ಅಲ್ಲಿ 6 ಚದರ ಮೀಟರ್ ಬಂತು, ಇಬ್ಬರನ್ನು ಕೊಟ್ಟು ನೋಡಿದ ಕೋಣೆಯಲ್ಲಿ 8.

ಗೋಡೆಯ 233ರಲ್ಲೂ ಒಂದು ತೊಡಕು ಇತ್ತು. ಹಣ ಕೊಡಲು ಅಳೆಯುವಾಗ ಮಧ್ಯಮ ಗಾತ್ರದ ಬಾಗಿಲು ಕಿಟಕಿಗಳ ತೆರಪನ್ನು ಎರಡು ಮುಖಗಳಲ್ಲಿ ಒಂದರಲ್ಲಿ ಮಾತ್ರ ಕಳೆದು, ಇನ್ನೊಂದನ್ನು ಅಂಚುಗಳ ಸಾರಣೆಯ ಬದಲಿಗೆ ಹಾಗೆಯೇ ಬಿಡುವ ಪದ್ಧತಿ ಬಳಕೆಯಲ್ಲಿದೆ. ಹಣದ ಮಟ್ಟಿಗೆ ಅದು ನ್ಯಾಯವಾದ ಅಳತೆಯೇ. ಆದರೆ ಆಳಿನ ದಿನ ಲೆಕ್ಕಹಾಕುವಾಗ ಅದೇ ಅಳತೆ ದಾರಿ ತಪ್ಪಿಸುತ್ತದೆ, ಏಕೆಂದರೆ ಗಾಳಿಯಾಡುವ ತೆರಪಿಗೆ ಸಾರಣೆ ಬೇಕಿಲ್ಲ, ಬೆರಳಗಲದ ಲೆಕ್ಕವಿರುವ ಅಂಚಿಗೆ ಮಾತ್ರ ವಿಪರೀತ ಹೊತ್ತು ಬೇಕು. ತೂಗುಗುಂಡು ಇಳಿಬಿಟ್ಟು, ಮೂಲೆಗೆ ಪಟ್ಟಿ ಕಟ್ಟಿ, ಗಾರೆ ಸ್ವಲ್ಪ ಬಿಗಿಯುವವರೆಗೆ ಕಾದು, ಪಟ್ಟಿ ಬಿಡಿಸಿ ಇನ್ನೊಂದು ಮಗ್ಗುಲು ತುಂಬಬೇಕು. ನಮ್ಮ ನಾಲ್ಕು ಬಾಗಿಲು, ಐದು ಕಿಟಕಿಗಳ ಅಂಚು ಸೇರಿದರೆ 48 ಮೀಟರ್ ಉದ್ದ. ಒಬ್ಬ ನುರಿತ ಗಾರೆಯವ ದಿನಕ್ಕೆ 12 ಮೀಟರ್ ಮುಗಿಸಿದರೆ ಅದೇ ಹೆಚ್ಚು.

ಈಗ ಅದೇ ಮನೆಯ ಲೆಕ್ಕವನ್ನು ಬಿಡಿಸಿ ಮಾಡೋಣ. ಕಳೆಯದೆ ಉಳಿದಿದ್ದ ತೆರಪು 17 ಚದರ ಮೀಟರ್. ಅದನ್ನು ತೆಗೆದರೆ ನಿಜವಾಗಿ ಕರಣೆ ಆಡುವ ಗೋಡೆ 216. ಒಬ್ಬರಿಗೊಬ್ಬ ಸಹಾಯಕನೆಂದರೆ ಗೋಡೆಗೆ 216ನ್ನು 8ರಿಂದ ಭಾಗಿಸಿ 27 ದಿನ, ಸೀಲಿಂಗಿಗೆ 67ನ್ನು 6ರಿಂದ ಭಾಗಿಸಿ 11.2 ದಿನ, ಅಂಚಿಗೆ 4 ದಿನ, ಒಟ್ಟು 42.2 ಗಾರೆಯಾಳು-ದಿನ, ಸಹಾಯಕರದೂ ಅಷ್ಟೇ. ಇಬ್ಬಿಬ್ಬರು ಸಹಾಯಕರೆಂದರೆ ಗೋಡೆಗೆ 18, ಸೀಲಿಂಗಿಗೆ 8.4, ಅಂಚಿಗೆ ಅದೇ 4, ಒಟ್ಟು 30.4 ಗಾರೆಯಾಳು-ದಿನ, ಸಹಾಯಕರ ದಿನ ಅದರ ಎರಡರಷ್ಟು. ಹೇಗೆ ನೋಡಿದರೂ 25 ಬರುವುದಿಲ್ಲ.

ಇಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಕೂಲಿಯ ಮೊತ್ತ. ಗಾರೆಯವನ ಕೂಲಿಯನ್ನು 1 ಎಂದಿಟ್ಟುಕೊಂಡು ಸಹಾಯಕನದು 0.6 ಎಂದು ಭಾವಿಸಿದರೆ, ಒಬ್ಬ ಸಹಾಯಕನ ಜೋಡಿಗೆ 42.2ನ್ನು 1.6ರಿಂದ ಗುಣಿಸಿ 67.5 ಬರುತ್ತದೆ, ಇಬ್ಬರ ತಂಡಕ್ಕೆ 30.4ನ್ನು 2.2ರಿಂದ ಗುಣಿಸಿ 66.9. ಹಣ ಹೆಚ್ಚುಕಡಿಮೆ ಒಂದೇ. ಆದರೆ ಮೂವರು ಗಾರೆಯವರಿದ್ದಾಗ ಮೊದಲನೆಯದಕ್ಕೆ 14ರಿಂದ 15 ದಿನ ಬೇಕು, ಎರಡನೆಯದು 10ರಿಂದ 11 ದಿನಗಳಲ್ಲಿ ಮುಗಿಯುತ್ತದೆ. ಸಹಾಯಕರನ್ನು ಕಡಿಮೆ ತೋರಿಸಿದ ಅಂದಾಜು ಅಗ್ಗವೆಂದು ಕಾಣುತ್ತದೆಯೇ ಹೊರತು ಅದರಿಂದ ಉಳಿತಾಯವಿಲ್ಲ. ಗುತ್ತಿಗೆದಾರರ ಅಂದಾಜಿನ ಮೊತ್ತ ಇದೇ ಮಾಪನದಲ್ಲಿ 40. ಹಣ ಹೊಂದಿಸಿಟ್ಟುಕೊಂಡಿದ್ದು ಅಷ್ಟಕ್ಕೆ, ತೆತ್ತದ್ದು ಅದರ ಒಂದೂಮುಕ್ಕಾಲು ಪಾಲಿನ ಹತ್ತಿರ. ಕೂಲಿಯ ಅನುಪಾತ ನಿಮ್ಮಲ್ಲಿ ಬೇರೆಯಾಗಿದ್ದರೆ ಉತ್ತರವೂ ಬೇರೆಯಾದೀತು, ಹಾಗಾಗಿ ಈ ಗುಣಾಕಾರವನ್ನು ನಿಮ್ಮ ದರ ಹಾಕಿ ಮತ್ತೊಮ್ಮೆ ಮಾಡಿಕೊಳ್ಳಿ.

ಹಣಕ್ಕಿಂತ ಬೇಸರದ ಸಂಗತಿ ಗೋಡೆಯಲ್ಲಿ ಉಳಿಯಿತು. ಹೇಳಿದ ಗಡುವು ಮೀರಿದಾಗ ಮೇಸ್ತ್ರಿ ಅವಸರಪಡಿಸತೊಡಗಿದರು. ಮಟ್ಟ ತಪ್ಪಿದ್ದ ಒಂದು ಗೋಡೆಗೆ 20 ಮಿಲಿಮೀಟರಿಗೂ ಹೆಚ್ಚು ದಪ್ಪ ಬೇಕಿತ್ತು. ಎರಡು ಪದರದಲ್ಲಿ, ಮೊದಲನೆಯದು ಬಿಗಿದ ಮೇಲೆ ಎರಡನೆಯದು ಎಂಬಂತೆ ಹಾಕಬೇಕಾದದ್ದನ್ನು ಒಂದೇ ಸಲಕ್ಕೆ ಹಾಕಿದರು. ಹಸಿ ಗಾರೆ ಜಾರತೊಡಗಿದಾಗ ಅದರ ಮೇಲೆ ಒಣ ಸಿಮೆಂಟಿನ ಪುಡಿ ಎರಚಿ, ಮರದ ಹಲಗೆಯಿಂದ ಉಜ್ಜಿ ಸಂಜೆಯೊಳಗೆ ನುಣುಪು ತಂದರು. ಆ ಪುಡಿ ಮೇಲ್ಮೈಯ ನೀರನ್ನು ಹೀರಿ ಸಿಮೆಂಟು ಹೆಚ್ಚಿರುವ ತೆಳುಪೊರೆಯೊಂದನ್ನು ಮಾಡುತ್ತದೆ. ಒಳಗಿನ ಗಾರೆಗಿಂತ ಅದು ಹೆಚ್ಚು ಕುಗ್ಗುವುದರಿಂದ ಕೆಲವೇ ವಾರಗಳಲ್ಲಿ ಜೇಡರ ಬಲೆಯಂಥ ಬಿರುಕು ಕಾಣಿಸಿತು. ಕರಣೆಯ ಹಿಡಿಯಿಂದ ತಟ್ಟಿದರೆ ಗಟ್ಟಿ ಗೋಡೆ ‘ಟಕ್’ ಎನ್ನುತ್ತದೆ, ಆ ಗೋಡೆಯ ಮಧ್ಯಭಾಗ ‘ಡಬ್’ ಎನ್ನುತ್ತಿತ್ತು. ಹಾಗೆ ಸದ್ದು ಬಂದ ಕಡೆ ಸಾರಣೆ ಇಟ್ಟಿಗೆಯನ್ನು ಬಿಟ್ಟಿದೆ ಎಂದರ್ಥ. ಕಿತ್ತು ಮತ್ತೆ ಮಾಡದೆ ಬೇರೆ ದಾರಿಯಿಲ್ಲ, ಅದರ ಆಳು-ದಿನ ಮತ್ತೆ ನಮ್ಮ ತಲೆಗೇ ಬಂತು.

ಇಟ್ಟಿಗೆ ಕಟ್ಟಡದಲ್ಲೂ ಇದೇ ಬಗೆಯ ಕಣ್ಕಟ್ಟು ಸಾಧ್ಯ. ಒಂದಿಟ್ಟಿಗೆ ದಪ್ಪದ ಗೋಡೆಗೆ ಒಬ್ಬ ಗಾರೆಯವನಿಗೆ ದಿನಕ್ಕೆ 1 ಘನ ಮೀಟರ್ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಪ್ರಮಾಣ. ಅರ್ಧ ಇಟ್ಟಿಗೆಯ ಅಡ್ಡಗೋಡೆಯನ್ನು ಚದರ ಮೀಟರಿನಲ್ಲಿ ಅಳೆದು ದಿನಕ್ಕೆ 5 ಎಂದು ಹಿಡಿಯುವುದು ವಾಡಿಕೆ. ಆ 5 ಚದರ ಮೀಟರ್ ಗೋಡೆ 11.5 ಸೆಂಟಿಮೀಟರ್ ದಪ್ಪವಿದ್ದರೆ ಅದರ ಗಾತ್ರ 0.575 ಘನ ಮೀಟರ್ ಮಾತ್ರ. ಯಾರಾದರೂ ಅಡ್ಡಗೋಡೆಗಳನ್ನೂ ಘನ ಮೀಟರಿಗೆ ಇಳಿಸಿ 1ರಿಂದ ಭಾಗಿಸಿ ತೋರಿಸಿದರೆ ದಿನಗಳು ಅರ್ಧದಷ್ಟೇ ಕಾಣುತ್ತವೆ.

ಒಪ್ಪಂದ ಬರೆಯುವಾಗ ಪ್ರಮಾಣದ ಪಕ್ಕದಲ್ಲೇ ‘ಎಷ್ಟು ಸಹಾಯಕರೊಂದಿಗೆ’ ಎಂದು ಬರೆಸಿಕೊಳ್ಳಿ. ಅಷ್ಟು ಬರೆಯಲು ಹಿಂಜರಿದರೆ ಚದರ ಮೀಟರಿನ ದರಕ್ಕೇ ಕೊಡುವುದು ಮೇಲು, ಆಗ ದಿನ ಹೆಚ್ಚಾದರೆ ಹೊರೆ ಅವರದು. ದಿನಗೂಲಿಯೇ ಆದರೆ ನೀರುಣಿಸಲು ಒಬ್ಬನನ್ನು ಬೇರೆಯಾಗಿ ನಮೂದಿಸಿ, ಅವನನ್ನು ಗಾರೆಯ ತಂಡದಲ್ಲಿ ಎಣಿಸಬೇಡಿ. ಮೊದಲ ದಿನದ ಕೆಲಸವನ್ನು ಅಳೆದು ಗಾಬರಿಯಾಗಬೇಕಿಲ್ಲ, ಅದು ಗೋಡೆ ತೋಯಿಸಿ ಮಟ್ಟದ ಗುರುತು ಕೂರಿಸುವುದರಲ್ಲೇ ಕಳೆಯುತ್ತದೆ. ಎರಡನೆಯ ಮತ್ತು ಮೂರನೆಯ ದಿನ ಮುಗಿದ ಸಾದಾ ಗೋಡೆಯನ್ನು ತೆರಪು ಕಳೆದು ಅಳೆಯಿರಿ, ಆ ಎರಡು ದಿನಗಳ ಗಾರೆಯವರ ಹಾಜರಿಯಿಂದ ಭಾಗಿಸಿ. ಮೂವರು ಗಾರೆಯವರು ಎರಡು ದಿನದಲ್ಲಿ 48 ಚದರ ಮೀಟರ್ ಮುಗಿಸಿದ್ದರೆ ತಲಾ 8 ಆಯಿತು. ಅಂದಾಜಿನಲ್ಲಿ 12 ಎಂದಿದ್ದರೆ ಅಂದು ಸಂಜೆಯೇ ಸಹಾಯಕರನ್ನು ಹೆಚ್ಚಿಸಬೇಕು, ಇಲ್ಲವೇ ದಿನಗಳ ಲೆಕ್ಕವನ್ನು ಮತ್ತೆ ಬರೆದು ಮುಂದೆ ಬರುವ ನೆಲಹಾಸಿನವರಿಗೂ ಬಣ್ಣದವರಿಗೂ ಹೊಸ ದಿನಾಂಕ ತಿಳಿಸಬೇಕು.