ಬ್ಯಾಂಕ್ ಷೇರು ಜಾಸ್ತಿ ಇಟ್ಟಿದ್ದು ಸರಿಯೇ? ಎರಡು ಲೆಕ್ಕ, ಎರಡು ಉತ್ತರ

ತುಮಕೂರಿನ ಒಂದು ಹೂಡಿಕೆ ಗುಂಪಿನ ಪೋರ್ಟ್‌ಫೋಲಿಯೊ ಶೇ. 9.4 ಗಳಿಸಿದೆ, ಹೋಲಿಕೆಯ ಅಳತೆಗೋಲಾದ ಬೆಂಚ್‌ಮಾರ್ಕ್ ಶೇ. 9 ಅಂತ ಇಟ್ಟುಕೊಳ್ಳಿ. ಈ 0.4 ಎಲ್ಲಿಂದ ಬಂತು?

ಬೆಂಚ್‌ಮಾರ್ಕ್‌ನಲ್ಲಿ ಬ್ಯಾಂಕ್ ವಲಯದ ತೂಕ ಶೇ. 60, ಐಟಿಯದು ಶೇ. 40. ಗಳಿಕೆ ಬ್ಯಾಂಕಿನದು ಶೇ. 5, ಐಟಿಯದು ಶೇ. 15. ಗುಂಪಿನವರು ಬ್ಯಾಂಕಿಗೆ 80, ಐಟಿಗೆ 20 ಹಾಕಿದರು. ಅವರ ಬ್ಯಾಂಕ್ ಷೇರುಗಳು ಶೇ. 8 ಕೊಟ್ಟವು, ಐಟಿ 15ರಲ್ಲೇ ನಿಂತಿತು.

ಬ್ರಿನ್ಸನ್–ಹುಡ್–ಬೀಬೋವರ್ (1986) ವಿಧಾನ ಹೆಚ್ಚುವರಿ ತೂಕವನ್ನು ಆ ವಲಯದ ಬೆಂಚ್‌ಮಾರ್ಕ್ ಗಳಿಕೆಯಿಂದ ನೇರವಾಗಿ ಗುಣಿಸುತ್ತದೆ. ಬ್ಯಾಂಕಿಗೆ 0.2 × 5, ಅಂದರೆ +1.0. ಐಟಿಗೆ −3.0. ಹಿಂದೆ ಬಿದ್ದ ವಲಯಕ್ಕೆ ಹಣ ಸುರಿದದ್ದಕ್ಕೆ ಶಭಾಷ್‌ಗಿರಿ! ವಿಚಿತ್ರ ಅಲ್ವಾ?

ಬ್ರಿನ್ಸನ್–ಫ್ಯಾಕ್ಲರ್ (1985) ಮೊದಲು ಒಟ್ಟು ಬೆಂಚ್‌ಮಾರ್ಕ್ ಗಳಿಕೆಯನ್ನು ಕಳೆಯುತ್ತದೆ. ಬ್ಯಾಂಕಿಗೆ 0.2 × (5 − 9) = −0.8. ಐಟಿಗೆ −0.2 × (15 − 9) = −1.2. ವಲಯ ಹಂಚಿಕೆಯ ಒಟ್ಟು ಎರಡೂ ವಿಧಾನದಲ್ಲಿ −2.0 ಬರುತ್ತದೆ. ಹಾಗಾಗಿ ಮೊತ್ತ ನೋಡಿ ವ್ಯತ್ಯಾಸ ಗೊತ್ತಾಗಲ್ಲ, ವಲಯದ ಸಾಲು ನೋಡಬೇಕು. ವಲಯವಾರು ತೀರ್ಪು ಬೇಕಿದ್ದರೆ ನಾನು ಬ್ರಿನ್ಸನ್–ಫ್ಯಾಕ್ಲರ್ ಅನ್ನೇ ಆರಿಸುತ್ತೇನೆ.

ಷೇರು ಆಯ್ಕೆ ಎರಡರಲ್ಲೂ ಒಂದೇ: ಬ್ಯಾಂಕಿನಲ್ಲಿ 0.6 × (8 − 5) = 1.8. ಉಳಿದ 0.2 × 3 = 0.6 ತೂಕ, ಆಯ್ಕೆ ಎರಡೂ ಸೇರಿ ಹುಟ್ಟಿದ್ದು. ಮೊದಲು ವಲಯ ನಿಗದಿ ಮಾಡಿ, ಆಮೇಲೆ ಷೇರು ಆರಿಸುವವರು ಇದನ್ನು ಆಯ್ಕೆಗೇ ಸೇರಿಸಬಹುದು. ಆಗ ಆಯ್ಕೆ +2.4, ಹಂಚಿಕೆ −2.0, ಒಟ್ಟು 0.4. ವರದಿಯಲ್ಲಿ ಆ 0.6 ಎಲ್ಲಿ ಸೇರಿದೆ ಅಂತ ಮಾತ್ರ ಕೇಳಿಕೊಳ್ಳಿ.