ಮದುವೆ ನೋಂದಣಿಗೆ ಮೊದಲೇ ಆಧಾರ್‌ನಲ್ಲಿ ಅಡ್ಡಹೆಸರು ಬದಲಿಸಬೇಡಿ

ಮದುವೆಯಾದ ಮೇಲೆ ಅಡ್ಡಹೆಸರು ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ತವರಿನ ಹೆಸರನ್ನೇ ಇಟ್ಟುಕೊಂಡು ವಿಳಾಸವನ್ನಷ್ಟೇ ಬದಲಿಸಿಕೊಂಡರೂ ಯಾವ ಸೌಲಭ್ಯವೂ ತಪ್ಪುವುದಿಲ್ಲ. ಬದಲಿಸುವುದೇ ಎಂದು ಮನೆಯಲ್ಲಿ ತೀರ್ಮಾನವಾಗಿದ್ದರೆ ಮಾತ್ರ ಮುಂದಿನದನ್ನು ಓದಿ. ಇಲ್ಲಿ ಹೆಜ್ಜೆ ಹಿಂದುಮುಂದಾದರೆ ಸರಿಪಡಿಸುವುದು ಬಹಳ ಕಷ್ಟ.

ಸಿಂಧನೂರಿನಿಂದ ಗಂಗಾವತಿಗೆ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬಳ ಪ್ರಕರಣ ಇದು. ಗುರುತು ಬೇಡವೆಂದು ಹೆಸರು ಬದಲಿಸಿ ಬರೆಯುತ್ತಿದ್ದೇವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಆಧಾರ್ ಎಲ್ಲದರಲ್ಲೂ ಆಕೆಯ ಹೆಸರು `Suma Hiremath` ಎಂದೇ ಇತ್ತು. ಗಂಡನ ಮನೆಯ ರೇಷನ್ ಕಾರ್ಡಿಗೆ ಸೇರಿಸಬೇಕು, ಅದಕ್ಕೆ ಮೊದಲು ಆಧಾರ್ ಆಗಲಿ ಎಂದು ಯಾರೋ ಹೇಳಿದರು. ಮದುವೆ ಇನ್ನೂ ನೋಂದಣಿಯಾಗಿರಲಿಲ್ಲ. ಗೆಜೆಟೆಡ್ ಅಧಿಕಾರಿಯ ಸಹಿಯಿರುವ ನಮೂನೆ ಪತ್ರ ಹಿಡಿದು ಆಧಾರ್ ಕೇಂದ್ರಕ್ಕೆ ಹೋದರು. "ಅಕ್ಕಾರ, ಹೆಸರು ಹೆಂಗ ಬರೀಬೇಕ್ರಿ?" ಎಂದು ಆಪರೇಟರ್ ಕೇಳಿದಾಗ "ಸುಮಾ ಸಾಲಿಮಠ ಅಂತ ಬರೀರಿ" ಎಂದು ಬಾಯಲ್ಲಿ ಹೇಳಿದರು. ಆತ `Suma Salimutt` ಎಂದು ಟೈಪ್ ಮಾಡಿದ. ಗಂಡನ ಆಧಾರ್‌ನಲ್ಲಿ ಇದ್ದದ್ದು `Salimath`.

ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಒಂದು ಅಕ್ಷರ ತಿದ್ದಿದರೂ ಅದು ಒಂದು ಸಲವೆಂದೇ ಲೆಕ್ಕ. ಹೀಗೆ ಮೊದಲ ಅವಕಾಶ ಅಲ್ಲಿಗೇ ಮುಗಿಯಿತು.

ಆಮೇಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಣಿ ಮಾಡಿಸಿದರು. ಗುರುತಿಗೆ ಹೊಸ ಆಧಾರ್ ಕೊಟ್ಟಿದ್ದರಿಂದ ಪ್ರಮಾಣಪತ್ರದಲ್ಲಿ ವಧುವಿನ ಹೆಸರೇ `Suma Salimutt` ಎಂದು ಬಂತು. ನಿಜವಾಗಿ ಕೆಟ್ಟದ್ದು ಇಲ್ಲಿ. ಮದುವೆ ಪ್ರಮಾಣಪತ್ರವನ್ನು ಎಲ್ಲ ಕಡೆ ಕೇಳುವುದು ಮದುವೆಯಾಗಿದೆ ಎಂದು ತೋರಿಸಲು ಮಾತ್ರವಲ್ಲ. ಹಿರೇಮಠ ಎಂದಿದ್ದವಳೇ ಈಗ ಸಾಲಿಮಠ ಮನೆತನದ ಸೊಸೆ ಎಂದು ಹಳೆಯ ಹೆಸರಿಗೂ ಹೊಸ ಹೆಸರಿಗೂ ನಂಟು ತೋರಿಸುವ ಮುಖ್ಯ ಕಾಗದವೂ ಅದೇ. ವಧುವಿನ ಜಾಗದಲ್ಲಿ ತವರಿನ ಹೆಸರು ಇಲ್ಲದಿದ್ದರೆ ಆ ನಂಟು ಸಿಗುವುದೇ ಇಲ್ಲ. ತಂದೆಯ ಹೆಸರಿನ ಮುಂದೆ ಹಿರೇಮಠ ಎಂದಿದ್ದರೂ, ಮಗಳ ಹೆಸರು ಹಾಗಿತ್ತು ಎನ್ನುವುದಕ್ಕೆ ಅದು ಪುರಾವೆಯಾಗುವುದಿಲ್ಲ.

ಪ್ಯಾನ್ ತಿದ್ದುಪಡಿಗೆ ಅರ್ಜಿ ಹಾಕಿದಾಗ ಅದು ಗೊತ್ತಾಯಿತು. ಹಳೆಯ ಹೆಸರು ಹೊಸದಾದದ್ದಕ್ಕೆ ದಾಖಲೆ ಇಲ್ಲವೆಂದು ಅರ್ಜಿ ವಾಪಸ್ ಬಂತು. ಬ್ಯಾಂಕಿನವರೂ ಅದನ್ನೇ ಕೇಳಿದರು. ಇಷ್ಟರಲ್ಲಿ ಗಂಡನ ಹೆಸರಿಗೆ ಹೊಂದಲಿ ಎಂದು ಆಧಾರ್ ಕಾಗುಣಿತವನ್ನು ತಿದ್ದಿಸಿ ಎರಡನೆಯ ಅವಕಾಶವನ್ನೂ ಕಳೆದುಕೊಂಡಿದ್ದರು. ಕೊನೆಗೆ ಪ್ಯಾನ್, ಬ್ಯಾಂಕ್‌ನಲ್ಲಿ `Suma Hiremath`, ಮದುವೆ ಪ್ರಮಾಣಪತ್ರದಲ್ಲಿ `Suma Salimutt`, ಆಧಾರ್‌ನಲ್ಲಿ `Suma Salimath`. ಒಬ್ಬಳೇ ಹೆಣ್ಣುಮಗಳಿಗೆ ಮೂರು ಹೆಸರು. ಈ ಸ್ಥಿತಿಗೆ ಬಂದವರಿಗೆ ಉಳಿಯುವ ದಾರಿ ಉದ್ದದ್ದು: ನೋಟರಿ ಮುಂದೆ ಅಫಿಡವಿಟ್, ಪತ್ರಿಕೆಗಳಲ್ಲಿ ಜಾಹೀರಾತು, ಆಮೇಲೆ ಗೆಜೆಟ್ ಪ್ರಕಟಣೆ.

ಆದ್ದರಿಂದ ಮೊದಲ ಕೆಲಸವನ್ನು ಮನೆಯಲ್ಲೇ ಕೂತು ಮಾಡಿ. ಗಂಡನ ಆಧಾರ್, ಪ್ಯಾನ್ ಎದುರಿಗಿಟ್ಟುಕೊಂಡು ಹೊಸ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಕ್ಷರ ಅಕ್ಷರವಾಗಿ ಒಂದು ಹಾಳೆಯಲ್ಲಿ ಬರೆದಿಡಿ. ಮಠ ಎನ್ನುವುದಕ್ಕೆ `math`, `mutt`, `matha`. ಗೌಡ ಎನ್ನುವುದಕ್ಕೆ `Gouda`, `Gowda`, `Goud`. ನಮ್ಮ ಕಡೆ ಇವೆಲ್ಲವೂ ಬಳಕೆಯಲ್ಲಿವೆ. ಬಳ್ಳಾರಿ ಕಡೆ ಇನಿಷಿಯಲ್ ಹೆಸರಿನ ಮುಂದೆ ಬರುವುದುಂಟು. ಪ್ಯಾನ್ ಅರ್ಜಿಯಲ್ಲಿ ಅಡ್ಡಹೆಸರಿನ ಜಾಗಕ್ಕೆ ಬರೀ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಆಧಾರ್‌ನಲ್ಲೂ ಬಿಡಿಸಿ ಬರೆಸುವುದೇ ಒಳ್ಳೆಯದು.

ಎರಡನೆಯದು ಮದುವೆ ನೋಂದಣಿ. ಆಕೆಯ ಎಲ್ಲ ದಾಖಲೆಗಳು ತವರಿನ ಹೆಸರಿನಲ್ಲಿ ಇರುವಾಗಲೇ ಇದು ಮುಗಿಯಬೇಕು. ಪ್ರಮಾಣಪತ್ರ ಅಂತಿಮವಾಗುವ ಮೊದಲು ವಧುವಿನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ, ವರನ ಹೆಸರು ಆತನ ಆಧಾರ್‌ಗೂ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ.

ಮೂರನೆಯದು ಆಧಾರ್. ಹೆಸರು, ವಿಳಾಸ ಎರಡನ್ನೂ ಒಂದೇ ಸಲಕ್ಕೆ ಮಾಡಿಸಿ, ಶುಲ್ಕವೂ ಒಂದೇ ಆಗುತ್ತದೆ. ಈ ಬಗೆಯ ತಿದ್ದುಪಡಿಗೆ 2025ರ ಅಕ್ಟೋಬರ್‌ನಿಂದ 75 ರೂಪಾಯಿ. ಬರೆದಿಟ್ಟ ಹಾಳೆಯನ್ನೇ ಆಪರೇಟರ್ ಕೈಗೆ ಕೊಡಿ, ಬಾಯಲ್ಲಿ ಹೇಳಬೇಡಿ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ಯಂತ್ರವೇ ಕನ್ನಡಕ್ಕೆ ತಿರುಗಿಸುತ್ತದೆ, 'ಸಾಲಿಮಠ' ಹೋಗಿ 'ಸಲೀಮತ್' ಆಗುವುದು ಅಲ್ಲೇ. ಅರ್ಜಿ ಕಳಿಸುವ ಮೊದಲು ಪರದೆಯಲ್ಲಿ ಎರಡೂ ಭಾಷೆಯ ಸಾಲುಗಳನ್ನು ಓದಿ, ಬಳಿಕ ರಸೀದಿಯಲ್ಲೂ ಓದಿ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಕಾರ್ಡಿನಲ್ಲಿ ತಂದೆಯ ಹೆಸರು ಹೋಗಿ ಗಂಡನ ಹೆಸರು ಬಂದರೆ ಸಾಕು ಎನ್ನುವವರೇ ಹೆಚ್ಚು. `C/O` ಎಂದು ಬರುವ ಆ ಹೆಸರು ವಿಳಾಸದ ಭಾಗ. ಅದಕ್ಕೆ ವಿಳಾಸ ತಿದ್ದುಪಡಿ ಸಾಕು, ಅದನ್ನು ಎಷ್ಟು ಸಲ ಬೇಕಾದರೂ ಮಾಡಿಸಬಹುದು. ಇದಕ್ಕಾಗಿ ಹೆಸರಿನ ಅವಕಾಶವನ್ನು ಯಾರೂ ಖರ್ಚು ಮಾಡಬೇಡಿ.

ಆಧಾರ್ ಬಂದ ಮೇಲೆ ಪ್ಯಾನ್. ಇಲ್ಲಿ ತುಂಬಬೇಕಾದದ್ದು ತಿದ್ದುಪಡಿ ಅರ್ಜಿ, ಹೊಸ ಪ್ಯಾನ್ ಅರ್ಜಿಯಲ್ಲ. ಸಂಖ್ಯೆ ಹಳೆಯದೇ ಇರುತ್ತದೆ, ಹೆಸರು ಮಾತ್ರ ಬದಲಾಗುತ್ತದೆ. ಹೊಸದಾಗಿ ಮಾಡಿಸಿ ಎರಡು ಪ್ಯಾನ್ ಇಟ್ಟುಕೊಂಡರೆ 10,000 ರೂಪಾಯಿ ದಂಡಕ್ಕೆ ಅವಕಾಶವಿದೆ. ತಂದೆಯ ಹೆಸರಿನ ಜಾಗದಲ್ಲಿ ತಂದೆಯದೇ ಇರಬೇಕು, ಗಂಡನದನ್ನು ಬರೆಯಬೇಡಿ. ಪ್ಯಾನ್, ಆಧಾರ್ ಎರಡೂ ಹೊಸ ಹೆಸರಿಗೆ ಬಂದ ಬಳಿಕವೇ ಬ್ಯಾಂಕಿಗೆ ಹೋಗಿ, ಮದುವೆ ಪ್ರಮಾಣಪತ್ರವೂ ಜೊತೆಗಿರಲಿ. ಬ್ಯಾಂಕನ್ನು ಮೊದಲು ಮಾಡಿಸಿದರೆ ಖಾತೆ ಒಂದು ಹೆಸರಲ್ಲಿ, ಪ್ಯಾನ್ ಇನ್ನೊಂದು ಹೆಸರಲ್ಲಿ ಆಗಿ ತೆರಿಗೆ ಮರುಪಾವತಿಯಂಥದ್ದು ನಿಲ್ಲುತ್ತದೆ. ನೌಕರಿಯಲ್ಲಿದ್ದು ಪಿಎಫ್ ಕಟ್ಟುತ್ತಿರುವವರು ಅಲ್ಲಿಯ ಹೆಸರನ್ನೂ ಆಧಾರ್‌ಗೆ ಹೊಂದಿಸಿಕೊಳ್ಳಬೇಕು. ಇಲ್ಲದಿದ್ದರೆ ಹಣ ತೆಗೆಯುವ ದಿನ ಅರ್ಜಿ ತಿರಸ್ಕಾರವಾಗುತ್ತದೆ.

ರೇಷನ್ ಕಾರ್ಡಿನಲ್ಲಿ ಮೊದಲು ತವರಿನ ಕಾರ್ಡಿನಿಂದ ಹೆಸರು ತೆಗೆಸಿ, ಆಮೇಲೆ ಗಂಡನ ಮನೆಯ ಕಾರ್ಡಿಗೆ ಸೇರಿಸಬೇಕು. ಒಂದೇ ಆಧಾರ್ ಸಂಖ್ಯೆ ಎರಡು ಕಾರ್ಡಿನಲ್ಲಿ ಕೂರುವುದಿಲ್ಲ. ಸೇರ್ಪಡೆಗೆ ಅವಕಾಶ ವರ್ಷವಿಡೀ ತೆರೆದಿರುವುದಿಲ್ಲ, ಆದ್ದರಿಂದ ಸೇರಿಸಲು ತೆರೆದಿದೆಯೇ ಎಂದು ಕೇಳಿಕೊಂಡೇ ತೆಗೆಸಿ. ಮತದಾರರ ಪಟ್ಟಿಗೆ ನಮೂನೆ 8. ಊರು ಬದಲಾಯಿತೆಂದು ನಮೂನೆ 6 ತುಂಬಿದರೆ ಎರಡು ಕಡೆ ಹೆಸರು ಬರುತ್ತದೆ, ಬೇರೆಲ್ಲೂ ಹೆಸರಿಲ್ಲ ಎಂದು ಸುಳ್ಳು ಘೋಷಣೆ ಕೊಟ್ಟಂತೆಯೂ ಆಗುತ್ತದೆ. ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಕೊನೆಗೆ ಸಾಕು. ವಿದೇಶ ಪ್ರಯಾಣದ ಟಿಕೆಟ್ ಈಗಾಗಲೇ ಹಳೆಯ ಹೆಸರಿನಲ್ಲಿದ್ದರೆ ಪ್ರಯಾಣ ಮುಗಿಯುವ ತನಕ ಪಾಸ್‌ಪೋರ್ಟ್ ಮುಟ್ಟಬೇಡಿ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮದುವೆಯ ಕಾರಣಕ್ಕೆ ತಿದ್ದಿಸಲು ಹೋಗಬೇಡಿ. ಅದು ತವರಿನ ಹೆಸರಿನಲ್ಲೇ ಉಳಿಯುವ ದಾಖಲೆ. ಜಾತಿಯೂ ಮದುವೆಯಿಂದ ಬದಲಾಗುವುದಿಲ್ಲ, ಅದನ್ನು ತಂದೆಯ ಕಡೆಯಿಂದಲೇ ನೋಡುತ್ತಾರೆ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಇದರ ಜೊತೆಗೆ ಮೀಸಲಾತಿಗೆ ಬೇಕಾಗುವ 371(ಜೆ) ಪ್ರಮಾಣಪತ್ರವೂ ಇದೆ. ಸರ್ಕಾರಿ ನೌಕರಿಗೆ ಅರ್ಜಿ ಹಾಕುವ ಯೋಚನೆ ಇರುವವರು ಅಂಕಪಟ್ಟಿ, ಜಾತಿ ಪ್ರಮಾಣಪತ್ರ, 371(ಜೆ) ಮೂರನ್ನೂ ಒಂದೇ ಹೆಸರಿನಲ್ಲಿ ಇಟ್ಟುಕೊಳ್ಳಿ, ಅರ್ಜಿಯನ್ನೂ ಅಂಕಪಟ್ಟಿಯಲ್ಲಿರುವ ಹೆಸರಿನಲ್ಲೇ ತುಂಬಿ. ದಾಖಲೆ ಪರಿಶೀಲನೆಯಲ್ಲಿ ಆಧಾರ್ ಹೆಸರು ಬೇರೆ ಏಕೆ ಎಂದು ಕೇಳಿದರೆ, ವಧುವಿನ ಜಾಗದಲ್ಲಿ ತವರಿನ ಹೆಸರೇ ಇರುವ ಮದುವೆ ಪ್ರಮಾಣಪತ್ರದ ಮೂಲಪ್ರತಿಯನ್ನು ತೋರಿಸಿ.